ಪಿ, ಕ್ಯುಆರ್‌ಎಸ್, ಟಿ: ಇಸಿಜಿ ಪಟ್ಟಿಯನ್ನು ಎಡದಿಂದ ಓದಿ

ಇಸಿಜಿ ಪಟ್ಟಿಯನ್ನು ಮೊದಲ ಸಲ ಕೈಗೆತ್ತಿಕೊಂಡ ವಿದ್ಯಾರ್ಥಿಯ ಕಣ್ಣು ಎತ್ತರದ ಚೂಪು ಗೆರೆಯ ಮೇಲೆಯೇ ಹೋಗಿ ನಿಲ್ಲುತ್ತದೆ. ಅದು ಕ್ಯುಆರ್‌ಎಸ್. ಅದು ಸಮ ಅಂತರದಲ್ಲಿ ಬರುತ್ತಿದೆ ಎಂದು ಕಂಡೊಡನೆ ‘ನಾರ್ಮಲ್’ ಎಂದು ಪಟ್ಟಿಯನ್ನು ಕೆಳಗಿಡುವುದೂ ಉಂಟು. ಆದರೆ ಕೆಲವು ಅಪಾಯಗಳು ಮೊದಲು ತಲೆದೋರುವುದು ಆ ಗೆರೆಯ ಅಕ್ಕಪಕ್ಕದ ಎರಡು ಗಿಡ್ಡ ಉಬ್ಬುಗಳಲ್ಲಿ. ಆದ್ದರಿಂದ ಒಂದೊಂದು ಬಡಿತವನ್ನೂ ಎಡದಿಂದ ಬಲಕ್ಕೆ, ಅಳೆಯುತ್ತಾ ಓದಬೇಕು.

ಅಳೆಯುವುದಕ್ಕೆ ಕಾಗದದ ಮೇಲೆಯೇ ಚೌಕಗಳಿವೆ. ಸಾಮಾನ್ಯವಾಗಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಹಾಗಾಗಿ ಒಂದು ಸಣ್ಣ ಚೌಕದ ಅಗಲ 0.04 ಸೆಕೆಂಡ್. ಐದು ಸಣ್ಣ ಚೌಕ ಸೇರಿದ ದೊಡ್ಡ ಚೌಕ 0.20 ಸೆಕೆಂಡ್. ಅಡ್ಡಕ್ಕೆ ಅಳೆದರೆ ಕಾಲ, ಉದ್ದಕ್ಕೆ ಅಳೆದರೆ ವಿದ್ಯುತ್ತಿನ ಪ್ರಮಾಣ; ಹತ್ತು ಮಿಲಿಮೀಟರ್ ಎತ್ತರವೆಂದರೆ ಒಂದು ಮಿಲಿವೋಲ್ಟ್. ಪಟ್ಟಿಯ ಅಂಚಿನಲ್ಲಿ `25 mm/s 10 mm/mV` ಎಂದು ಮುದ್ರಿತವಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಯಂತ್ರ ಬೇರೆ ವೇಗಕ್ಕೆ ಹೊಂದಿಸಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಕಲಿಯುವವರಿಗೆ ಅನುಕೂಲವಾದದ್ದು ಲೀಡ್ 2. ಅದು ಬಲಗೈಯಿಂದ ಎಡಗಾಲಿನ ದಿಕ್ಕಿಗೆ ಹೃದಯವನ್ನು ನೋಡುತ್ತದೆ. ಹೃದಯದೊಳಗಿನ ವಿದ್ಯುತ್ತೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಹರಿಯುವುದರಿಂದ ಮೂರೂ ಅಲೆಗಳು ಇಲ್ಲಿ ಸಾಮಾನ್ಯವಾಗಿ ಮೇಲ್ಮುಖವಾಗಿಯೇ ಕಾಣುತ್ತವೆ.

ಮೊದಲ ಗುಂಡನೆಯ ಗಿಡ್ಡ ಉಬ್ಬು ಪಿ ಅಲೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ನೋಡ್‌ನಿಂದ ಹೊರಟ ಸಂಕೇತ ಎರಡೂ ಹೃತ್ಕರ್ಣಗಳಿಗೆ ಹರಡುವಾಗ ಇದು ಮೂಡುತ್ತದೆ. ಎತ್ತರ ಎರಡೂವರೆ ಸಣ್ಣ ಚೌಕವನ್ನು, ಅಗಲ ಮೂರು ಸಣ್ಣ ಚೌಕವನ್ನು ದಾಟಬಾರದು. ಅದರ ನಂತರ ಗೆರೆ ಸ್ವಲ್ಪ ಹೊತ್ತು ಮಟ್ಟಸವಾಗುತ್ತದೆ. ಸಂಕೇತ ಎವಿ ನೋಡ್‌ನಲ್ಲಿ ನಿಧಾನವಾಗುವ ಕಾಲವಿದು. ಹೃತ್ಕರ್ಣದ ರಕ್ತ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯಲು ಈ ಬಿಡುವು ಬೇಕು. ಪಿ ಶುರುವಾದಲ್ಲಿಂದ ಕ್ಯುಆರ್‌ಎಸ್ ಶುರುವಾಗುವವರೆಗಿನ ಅಂತರಕ್ಕೆ ಪಿಆರ್ ಅಂತರ ಎನ್ನುತ್ತಾರೆ. ಅದು ಮೂರರಿಂದ ಐದು ಸಣ್ಣ ಚೌಕದೊಳಗೆ ಇರಬೇಕು.

ಆಮೇಲೆ ಬರುವುದು ಕ್ಯುಆರ್‌ಎಸ್. ಮೊದಲು ಕೆಳಗಿಳಿದರೆ ಆ ಇಳಿತ ಕ್ಯು, ಮೇಲೇರುವುದು ಆರ್, ಅದರ ನಂತರ ಮತ್ತೆ ಇಳಿಯುವುದು ಎಸ್. ಮೂರೂ ಎಲ್ಲ ಲೀಡ್‌ಗಳಲ್ಲಿ ಕಾಣಬೇಕೆಂದಿಲ್ಲ. ಹೃತ್ಕುಕ್ಷಿಗಳ ಗೋಡೆ ದಪ್ಪ, ಅದಕ್ಕೇ ಈ ಗೆರೆ ಎತ್ತರ. ಆದರೆ ಸಂಕೇತವನ್ನು ಹೊತ್ತೊಯ್ಯುವ ಎಳೆಗಳು ವೇಗವಾಗಿರುವುದರಿಂದ ಅಷ್ಟು ದೊಡ್ಡ ಸ್ನಾಯುವೂ ಎರಡೂವರೆ ಸಣ್ಣ ಚೌಕದಷ್ಟು ಕಾಲದೊಳಗೆ ಪ್ರಚೋದನೆಗೊಳ್ಳುತ್ತದೆ. ಮೂರು ಚೌಕ ಅಥವಾ ಅದಕ್ಕಿಂತ ಅಗಲವಾದರೆ ಸಂಕೇತ ಎಲ್ಲೋ ತಡವರಿಸುತ್ತಿದೆ, ಇಲ್ಲವೇ ತನ್ನ ಮಾಮೂಲು ದಾರಿ ಬಿಟ್ಟು ಬಂದಿದೆ ಎಂದರ್ಥ.

ಕೊನೆಯದು ಟಿ ಅಲೆ. ಹೃತ್ಕುಕ್ಷಿಯ ಕೋಶಗಳು ಮುಂದಿನ ಬಡಿತಕ್ಕಾಗಿ ಮತ್ತೆ ವಿದ್ಯುತ್ ಸ್ಥಿತಿಗೆ ಮರಳುವ ಕಾಲವಿದು. ಇಲ್ಲೊಂದು ಪ್ರಶ್ನೆ ಏಳುತ್ತದೆ: ಪ್ರಚೋದನೆಯ ಗೆರೆ ಮೇಲಕ್ಕೆ ಹೋದರೆ, ಅದಕ್ಕೆ ತದ್ವಿರುದ್ಧವಾದ ಚೇತರಿಕೆಯ ಗೆರೆ ಕೆಳಕ್ಕೆ ಬರಬೇಕಲ್ಲವೇ? ಪ್ರಚೋದನೆ ಗೋಡೆಯ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಚೇತರಿಕೆ ಹೊರಪದರದಲ್ಲಿ ಮೊದಲು ಮುಗಿಯುತ್ತದೆ. ಕ್ರಿಯೆಯೂ ತಿರುಗಿತು, ದಿಕ್ಕೂ ತಿರುಗಿತು. ಹಾಗಾಗಿ ಗೆರೆ ಮತ್ತೆ ಮೇಲಕ್ಕೇ ಏಳುತ್ತದೆ. ಆರೋಗ್ಯವಂತರಲ್ಲಿ ಟಿ ನಿಧಾನವಾಗಿ ಏರಿ, ಸ್ವಲ್ಪ ಬೇಗ ಇಳಿಯುತ್ತದೆ. ಎರಡೂ ಬದಿ ಒಂದೇ ಸಮ ಇರುವುದಿಲ್ಲ, ತುದಿ ಚೂಪಾಗಿರುವುದಿಲ್ಲ. ಹೃತ್ಕರ್ಣಗಳ ಚೇತರಿಕೆಗೂ ಅಲೆ ಇದೆ, ಆದರೆ ಅದು ಸಾಮಾನ್ಯವಾಗಿ ಕ್ಯುಆರ್‌ಎಸ್‌ನ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಈ ಅಕ್ಷರಗಳನ್ನು ಕೊಟ್ಟವರು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿದ್ದ ವಿಲ್ಲೆಮ್ ಐಂತೋವೆನ್. ಇಸಿಜಿಯ ಕಾರ್ಯವಿಧಾನವನ್ನು ಕಂಡುಹಿಡಿದದ್ದಕ್ಕಾಗಿ 1924ರ ನೊಬೆಲ್ ಅವರಿಗೆ ಸಂದಿತು.

ಈಗ ಒಂದು ಪಟ್ಟಿಯನ್ನು ಓದೋಣ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮೇಲಿರುವ ಐವತ್ತೈದರ ರೋಗಿ, ಒಂದು ಸರದಿ ತಪ್ಪಿಸಿಕೊಂಡು, ಕಾಲಲ್ಲಿ ಶಕ್ತಿಯಿಲ್ಲವೆಂದು ಬಂದಿದ್ದಾರೆ ಎಂದುಕೊಳ್ಳಿ. ಒಂದು ಆರ್‌ನಿಂದ ಮುಂದಿನ ಆರ್‌ಗೆ ಐದು ದೊಡ್ಡ ಚೌಕ. 300ನ್ನು ಐದರಿಂದ ಭಾಗಿಸಿದರೆ ನಿಮಿಷಕ್ಕೆ 60 ಬಡಿತ. ಲಯವೂ ಸಮ. ಇಷ್ಟಕ್ಕೇ ನಿಲ್ಲಿಸಿದರೆ ಪಟ್ಟಿ ನಾರ್ಮಲ್ ಎನಿಸುತ್ತದೆ.

ಎಡದಿಂದ ಓದಿದಾಗ ಚಿತ್ರ ಬದಲಾಗುತ್ತದೆ. ಪಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳು, ಅರ್ಧ ಚೌಕದ ಎತ್ತರ. ಪಿಆರ್ ಅಂತರ ಆರು ಸಣ್ಣ ಚೌಕ, ಅಂದರೆ 0.24 ಸೆಕೆಂಡ್. ಕ್ಯುಆರ್‌ಎಸ್ ನಾಲ್ಕು ಚೌಕ, 0.16 ಸೆಕೆಂಡ್. ಟಿ ಎತ್ತರವಾಗಿ, ಬುಡ ಕಿರಿದಾಗಿ, ಎರಡೂ ಬದಿ ಸಮನಾಗಿ ಡೇರೆಯಂತೆ ಚೂಪಾಗಿ ನಿಂತಿದೆ. ಎದೆಯ ಲೀಡ್‌ಗಳಲ್ಲಿ ಅದು ಇನ್ನೂ ಸ್ಪಷ್ಟ. ಮೂರು ಅಲೆಗಳೂ ಒಟ್ಟಿಗೆ ಬೆರಳು ಮಾಡುತ್ತಿರುವುದು ರಕ್ತದಲ್ಲಿ ಏರಿದ ಪೊಟ್ಯಾಸಿಯಂ ಕಡೆಗೆ.

ಕಾರಣ ಒಂದೇ ಆದರೂ ಪ್ರತಿ ಅಲೆಯ ಮೇಲೂ ಅದರ ಪರಿಣಾಮ ಬೇರೆ. ಪೊಟ್ಯಾಸಿಯಂ ಹೆಚ್ಚಾದಾಗ ಕೋಶಗಳ ಚೇತರಿಕೆ ವೇಗವಾಗುತ್ತದೆ, ಆದ್ದರಿಂದ ಟಿ ಕಿರಿದಾಗಿ ಚೂಪಾಗುತ್ತದೆ. ಸಾಮಾನ್ಯವಾಗಿ ಮೊದಲು ಕಾಣುವ ಬದಲಾವಣೆ ಇದೇ. ಇನ್ನೂ ಏರಿದರೆ ಕೋಶಗಳು ವಿಶ್ರಾಂತಿಯಲ್ಲಿದ್ದಾಗಲೂ ಅವುಗಳ ವಿದ್ಯುತ್ ಸ್ಥಿತಿ ಸಡಿಲಗೊಳ್ಳುತ್ತದೆ. ಸೋಡಿಯಂ ಒಳನುಗ್ಗುವ ಬಾಗಿಲುಗಳಲ್ಲಿ ಹಲವು ತೆರೆಯದೆ ಉಳಿದು, ಸಂಕೇತ ತೆವಳುತ್ತದೆ. ಹೃತ್ಕರ್ಣದ ಕೋಶಗಳು ಇದಕ್ಕೆ ಬೇಗ ಸೋಲುತ್ತವೆ, ಪಿ ಚಪ್ಪಟೆಯಾಗುತ್ತದೆ. ಆಮೇಲೆ ಕ್ಯುಆರ್‌ಎಸ್ ಅಗಲವಾಗುತ್ತದೆ. ಅಗಲವಾಗುತ್ತಾ ಟಿಯೊಂದಿಗೆ ಬೆಸೆದು ಬರೀ ಏರಿಳಿತದ ಒಂದೇ ಅಲೆಯಾದರೆ ಹೃದಯ ನಿಲ್ಲುವ ಹೊತ್ತು ಹತ್ತಿರವಾಗಿದೆ ಎಂದು ತಿಳಿಯಬೇಕು.

ಈ ಕ್ರಮ ಪುಸ್ತಕದಲ್ಲಿದ್ದಷ್ಟು ಅಚ್ಚುಕಟ್ಟಾಗಿ ಎಲ್ಲರಲ್ಲೂ ಬರುವುದಿಲ್ಲ. ಪೊಟ್ಯಾಸಿಯಂ ಬಹಳ ಏರಿದ್ದರೂ ಪಟ್ಟಿ ಹೆಚ್ಚೇನೂ ಬದಲಾಗದ ರೋಗಿಗಳಿದ್ದಾರೆ. ಹಾಗಾಗಿ ಇಸಿಜಿ ಚೆನ್ನಾಗಿದೆಯೆಂದು ರಕ್ತ ಪರೀಕ್ಷೆಯನ್ನು ಬಿಡುವಂತಿಲ್ಲ. ಎತ್ತರದ ಟಿ ಆರೋಗ್ಯವಂತ ಯುವಕರಲ್ಲೂ ಕಾಣಬಹುದು, ಹೃದಯಾಘಾತದ ಮೊದಲ ನಿಮಿಷಗಳಲ್ಲೂ ಕಾಣಬಹುದು. ಆಘಾತದಲ್ಲಿ ಅದರ ಬುಡ ಅಗಲವಾಗಿರುತ್ತದೆ. ಅದೇ ರೋಗಿಯ ಹಳೆಯ ಪಟ್ಟಿ ಸಿಕ್ಕರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಈ ಗೊಂದಲವನ್ನು ಎಷ್ಟೋ ಕಡಿಮೆ ಮಾಡುತ್ತದೆ.

ನಮ್ಮ ರೋಗಿಯಲ್ಲಿ ಕ್ಯುಆರ್‌ಎಸ್ ಆಗಲೇ ಅಗಲವಾಗಿರುವುದರಿಂದ ವೈದ್ಯರು ಲ್ಯಾಬ್ ವರದಿಗೆ ಕಾಯದೆ ಕ್ಯಾಲ್ಸಿಯಂ ಗ್ಲುಕೊನೇಟನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಕ್ಯುಆರ್‌ಎಸ್ ಕಿರಿದಾಗುವುದನ್ನು ಮಾನಿಟರ್‌ನಲ್ಲೇ ನೋಡಬಹುದು. ಆದರೆ ಕ್ಯಾಲ್ಸಿಯಂ ಹೃದಯವನ್ನು ಸ್ವಲ್ಪ ಹೊತ್ತು ಕಾಯುತ್ತದೆ ಅಷ್ಟೆ, ಪೊಟ್ಯಾಸಿಯಂ ಇಳಿಸುವುದಿಲ್ಲ. ಇನ್ಸುಲಿನ್ ಮತ್ತು ಗ್ಲೂಕೋಸ್ ಅದನ್ನು ಕೋಶಗಳೊಳಗೆ ತಳ್ಳುತ್ತವೆ. ದೇಹದಿಂದ ಹೊರಹಾಕಲು ಈ ರೋಗಿಗೆ ಡಯಾಲಿಸಿಸ್ಸೇ ಆಗಬೇಕು. ಅಲ್ಲಿಯವರೆಗೆ ಅಲೆಗಳು ಮತ್ತೆ ಅಗಲವಾಗುತ್ತಿವೆಯೇ ಎಂದು ಪಟ್ಟಿ ತೆಗೆದು ತೆಗೆದು ಅಳೆಯುತ್ತಲೇ ಇರಬೇಕು.