ಆಲೂಗಡ್ಡೆಯ ತುಂಡು, ಸಕ್ಕರೆ ನೀರು

ಆಲೂಗಡ್ಡೆಯ ಸಿಪ್ಪೆ ಹೆರೆದು, ಐದು ಸೆಂಟಿಮೀಟರ್ ಉದ್ದದ, ಪೆನ್ಸಿಲ್ ದಪ್ಪದ ತುಂಡುಗಳನ್ನು ಕೊಯ್ದುಕೊಳ್ಳಿ. ಕೆಲವನ್ನು ಬರೀ ನೀರಿಗೂ ಕೆಲವನ್ನು ಗಟ್ಟಿ ಸಕ್ಕರೆ ನೀರಿಗೂ ಹಾಕಿ ಎರಡು ಗಂಟೆ ಬಿಡಿ. ನೀರಿನಲ್ಲಿದ್ದದ್ದು ಬಿಗಿದುಕೊಂಡು, ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಸಕ್ಕರೆ ನೀರಿನದು ಬಾಡಿದ ಬೀನ್ಸಿನಂತೆ ಬೆರಳ ಮೇಲೆ ಜೋತುಬೀಳುತ್ತದೆ.

ಜೀವಕೋಶದ ಪೊರೆ ನೀರನ್ನು ಸಲೀಸಾಗಿ ದಾಟಿಸುತ್ತದೆ, ಸಕ್ಕರೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಹಾಗಾಗಿ ಕರಗಿದ ವಸ್ತು ಯಾವ ಕಡೆ ಹೆಚ್ಚೋ ಆ ಕಡೆಗೆ ನೀರು ಹರಿಯುತ್ತದೆ. ಇದೇ ಅಭಿಸರಣೆ. ಬರೀ ನೀರಿನಲ್ಲಿ ಕೋಶ ಉಬ್ಬಿದರೂ ಒಡೆಯುವುದಿಲ್ಲ, ಹೊರಗಿನ ಗಟ್ಟಿ ಕೋಶಭಿತ್ತಿ ಅದನ್ನು ಹಿಡಿದಿಡುತ್ತದೆ.

ಹಾಗಾದರೆ ತೂಕ ಏರದ, ಇಳಿಯದ ಸಕ್ಕರೆ ನೀರು ಯಾವುದು? ಲೀಟರ್ ದ್ರಾವಣಕ್ಕೆ 50 ಗ್ರಾಂ ಸಕ್ಕರೆ ಇರುವಲ್ಲಿ 10.0 ಗ್ರಾಂ ತುಂಡುಗಳು 10.6 ಗ್ರಾಂ ಆದವು, 150 ಗ್ರಾಂ ಇರುವಲ್ಲಿ 9.6ಕ್ಕೆ ಇಳಿದವು ಎಂದುಕೊಳ್ಳಿ. ಒಂದು ಕಡೆ ಶೇ. 6 ಏರಿಕೆ, ಇನ್ನೊಂದು ಕಡೆ ಶೇ. 4 ಇಳಿಕೆ. ಎರಡು ಬಿಂದುಗಳನ್ನು ಗೆರೆ ಎಳೆದು ಸೇರಿಸಿದರೆ, ಅದು ಸೊನ್ನೆಯನ್ನು ದಾಟುವುದು ಸುಮಾರು 110 ಗ್ರಾಂ ಬಳಿ. ಅಲ್ಲಿ ನೀರು ನಿಂತಿಲ್ಲ, ಒಳಹೋಗುವಷ್ಟೇ ಹೊರಬರುತ್ತಿದೆ.

ಲೆಕ್ಕ ಕೆಡುವುದು ಹೆಚ್ಚಾಗಿ ತೂಗುವ ಮುನ್ನ ತುಂಡುಗಳನ್ನು ಒರೆಸುವಲ್ಲಿ. ಮೇಲಂಟಿದ ನೀರು ಉಳಿದರೆ ತೂಕ ಸುಳ್ಳೇ ಏರುತ್ತದೆ, ಒತ್ತಿ ಹಿಂಡಿದರೆ ಒಳಗಿನದೂ ಬರುತ್ತದೆ. ಎಲ್ಲವನ್ನೂ ಒಂದೇ ಹದದಲ್ಲಿ ಒರೆಸಬೇಕು. ಮೊದಲ ತೂಕಗಳು ಒಂದೇ ಇರುವುದಿಲ್ಲವಾದ್ದರಿಂದ ಹೋಲಿಕೆಯನ್ನು ಶೇಕಡಾದಲ್ಲೇ ಮಾಡಬೇಕು.

ಬೇಯಿಸಿದ ತುಂಡನ್ನೂ ನೀರಿಗೆ ಹಾಕಿ ನೋಡಿ. ಅದು ಬಿಗಿಯಾಗುವುದೇ ಇಲ್ಲ. ಬಿಸಿಗೆ ಪೊರೆ ಹರಿದಿದೆ, ತಡೆಯುವವರಿಲ್ಲ. ಒಳಗಿನ ಲವಣ, ಸಕ್ಕರೆ ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ತಾವಾಗಿ ಹರಡುತ್ತವೆ. ಇದು ವಿಸರಣೆ.

ಹಸಿ ತುಂಡಿನೊಳಗೆ ಅಷ್ಟು ಲವಣ ಸೇರಿದ್ದಾದರೂ ಹೇಗೆ? ಆಲೂಗಡ್ಡೆಯ ಕೋಶದಲ್ಲಿ ಪೊಟ್ಯಾಸಿಯಂ ಮಣ್ಣಿನ ನೀರಿಗಿಂತ ಎಷ್ಟೋ ಪಾಲು ಹೆಚ್ಚು. ವಿಸರಣೆಯೊಂದೇ ಇದ್ದಿದ್ದರೆ ಅಷ್ಟು ಕೂಡಿಡಲು ಆಗುತ್ತಿರಲಿಲ್ಲ. ಕೋಶ ಉಸಿರಾಟದಿಂದ ಪಡೆದ ಶಕ್ತಿಯನ್ನು ಖರ್ಚು ಮಾಡಿ ಅದನ್ನು ಒಳಗೆಳೆದುಕೊಳ್ಳುತ್ತದೆ. ಇದು ಸಕ್ರಿಯ ಸಾಗಣೆ. 1930ರ ದಶಕದಲ್ಲಿ ಸಸ್ಯವಿಜ್ಞಾನಿ ಎಫ್. ಸಿ. ಸ್ಟೀವರ್ಡ್ ಆಲೂಗಡ್ಡೆಯ ತೆಳು ಬಿಲ್ಲೆಗಳನ್ನು ಲವಣದ ನೀರಿನಲ್ಲಿಟ್ಟು ಗಾಳಿ ಹಾಯಿಸಿದರು. ಆಮ್ಲಜನಕ ಚೆನ್ನಾಗಿ ಸಿಕ್ಕಾಗ ಬಿಲ್ಲೆಗಳು ಲವಣವನ್ನು ಕೂಡಿಟ್ಟುಕೊಂಡವು, ಕಡಿಮೆಯಾದಾಗ ಹೀರಿಕೆಯೂ ಕುಗ್ಗಿತು.

ತಕ್ಕಡಿಯಲ್ಲಿ ನಮಗೆ ಕಾಣುವುದು ನೀರಿನ ಓಡಾಟ ಮಾತ್ರ, ಈ ದುಡಿಮೆ ಕಾಣದು. ಆ ಓಡಾಟಕ್ಕೂ ಇಡಿಯಾದ ಪೊರೆ ಬೇಕೆಂಬುದನ್ನು ಕಾಣಲು, ಪ್ರಯೋಗಕ್ಕೆ ಕೂರುವಾಗ ಬೇಯಿಸಿದ ಒಂದು ತುಂಡನ್ನು ತಪ್ಪದೆ ಪಕ್ಕದಲ್ಲಿಡಿ.