ಕಳೆದುಹೋದ ಮೊಬೈಲ್: ಪತ್ತೆ, ಬೀಗ, ಅಳಿಸುವಿಕೆ – ಯಾವುದು ಮೊದಲು?

ವ್ಯಾಪಾರಸ್ಥರ ಮೊಬೈಲ್ ಫೋನು ಇಂದು ಕೇವಲ ಮಾತನಾಡುವ ಸಾಧನವಾಗಿ ಉಳಿದಿಲ್ಲ. ಗಿರಾಕಿಗಳ ಬಾಕಿ ಲೆಕ್ಕ, ಲಾರಿ ರಸೀದಿಗಳ ಛಾಯಾಚಿತ್ರ, ಯುಪಿಐ ಪಾವತಿ, ಬ್ಯಾಂಕಿನ ಒಟಿಪಿ ಇವೆಲ್ಲವೂ ಅದರಲ್ಲೇ ಇರುತ್ತವೆ. ಇಂತಹ ಫೋನು ಕಳೆದುಹೋದಾಗ ಅದನ್ನು ದೂರದಿಂದಲೇ ಪತ್ತೆ ಮಾಡುವ, ಬೀಗ ಹಾಕುವ ಹಾಗೂ ಅದರೊಳಗಿನ ಮಾಹಿತಿಯನ್ನು ಅಳಿಸುವ ವ್ಯವಸ್ಥೆ ಫೋನಿನಲ್ಲಿಯೇ ಅಡಕವಾಗಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಈ ವ್ಯವಸ್ಥೆಗೆ 2025ರಿಂದ ಫೈಂಡ್ ಹಬ್ ಎಂಬ ಹೆಸರಿದೆ. ಅದಕ್ಕೆ ಮೊದಲು ಫೈಂಡ್ ಮೈ ಡಿವೈಸ್ ಎನ್ನಲಾಗುತ್ತಿತ್ತು. ಐಫೋನುಗಳಲ್ಲಿ ಇರುವುದು ಫೈಂಡ್ ಮೈ.

ಸೌಲಭ್ಯವಿದೆ ಎಂಬುದು ಬಹುತೇಕರಿಗೆ ತಿಳಿದಿದೆ. ಆದರೆ ಅದರ ಮೂರು ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದು ತಿಳಿದಿರುವವರು ಕಡಿಮೆ. ಗಾಬರಿಯಲ್ಲಿ ಕ್ರಮ ತಪ್ಪಿದರೆ ಒಂದು ಹೆಜ್ಜೆಯೇ ಇನ್ನೊಂದಕ್ಕೆ ಅಡ್ಡಿಯಾಗುತ್ತದೆ.

ಆದೇಶ ತಲುಪುವ ಬಗೆ

ಗಣಕಯಂತ್ರದ ಮುಂದೆ ಕುಳಿತು ನೀಡುವ ಆದೇಶವು ನೇರವಾಗಿ ಫೋನಿಗೆ ಹೋಗುವುದಿಲ್ಲ. ಅದು ಮೊದಲು ಗೂಗಲ್ ಸಂಸ್ಥೆಯ ಗಣಕಗಳಿಗೆ ಹೋಗಿ, ಅಲ್ಲಿಂದ ಅಂತರಜಾಲದ ಮೂಲಕ ಫೋನನ್ನು ಸೇರಬೇಕು. ಆದುದರಿಂದ ಬೀಗ ಹಾಗೂ ಅಳಿಸುವಿಕೆಯ ಆದೇಶಗಳು ನೆರವೇರಬೇಕಾದರೆ ಫೋನು ಚಾಲೂ ಇರಬೇಕು, ಅದರಲ್ಲಿ ಮಾಲೀಕರ ಗೂಗಲ್ ಖಾತೆ ತೆರೆದಿರಬೇಕು ಮತ್ತು ಮೊಬೈಲ್ ಡೇಟಾ ಇಲ್ಲವೇ ವೈ-ಫೈ ಸಂಪರ್ಕ ಇರಬೇಕು. ಸಂಪರ್ಕ ಇಲ್ಲದಿದ್ದರೆ ಅಳಿಸುವ ಆದೇಶವು ಕಾದು ಕುಳಿತು, ಫೋನು ಮುಂದೆ ಅಂತರಜಾಲಕ್ಕೆ ಬಂದಾಗ ಜಾರಿಯಾಗುತ್ತದೆ.

ಪತ್ತೆಯ ಕೆಲಸಕ್ಕೆ ಮಾತ್ರ ಇನ್ನೊಂದು ದಾರಿ ಇದೆ. ಅಂತರಜಾಲವಿಲ್ಲದ ಫೋನು ಹೊರಡಿಸುವ ಬ್ಲೂಟೂತ್ ಸಂಕೇತವನ್ನು ಸುತ್ತಮುತ್ತಲಿನ ಇತರ ಆಂಡ್ರಾಯ್ಡ್ ಫೋನುಗಳು ಗ್ರಹಿಸಿ ಅದರ ಸ್ಥಾನವನ್ನು ಗುಪ್ತಲಿಪಿಯಲ್ಲಿ ತಿಳಿಸುವ ಜಾಲವು 2024ರಿಂದ ಕಾರ್ಯನಿರತವಾಗಿದೆ. ಆದರೆ ಸಾಮಾನ್ಯವಾಗಿ ಇದು ಜನದಟ್ಟಣೆಯ ಸ್ಥಳಗಳಲ್ಲಿ, ಹಲವು ಫೋನುಗಳು ಗ್ರಹಿಸಿದಾಗ ಮಾತ್ರ ಸ್ಥಾನ ತೋರಿಸುವಂತೆ ಹೊಂದಿಸಲ್ಪಟ್ಟಿರುತ್ತದೆ. ಬಸ್ ನಿಲ್ದಾಣದಲ್ಲಿ ಇದು ಉಪಯೋಗಕ್ಕೆ ಬಂದೀತು. ಊರಾಚೆಯ ಗೋದಾಮಿನಲ್ಲಿ ಬಾರದಿರಬಹುದು. ಎಲ್ಲ ಸ್ಥಳಗಳಲ್ಲಿಯೂ ಕೆಲಸ ಮಾಡುವಂತೆ ಆಯ್ಕೆಯನ್ನು ಮೊದಲೇ ಬದಲಾಯಿಸಿಟ್ಟುಕೊಳ್ಳಬಹುದಾಗಿದೆ.

ಒಂದು ನಿದರ್ಶನ

ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರು ವಸೂಲಿಗಾಗಿ ಬೆಂಗಳೂರಿಗೆ ಬಂದಿದ್ದಾರೆಂದು ಭಾವಿಸೋಣ. ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಜೇಬಿನಲ್ಲಿ ಫೋನು ಇಲ್ಲವೆಂಬುದು ಗಮನಕ್ಕೆ ಬರುತ್ತದೆ. ಫೋನಿಗೆ ಆರು ಅಂಕಿಗಳ ಪಿನ್ ಇದೆ. ಅದು ಬೇರೆ ಯಾರಿಗೂ ತಿಳಿದಿಲ್ಲ.

ಸಂಗಡವಿದ್ದವರ ಫೋನಿನಿಂದ ಗೂಗಲ್ ಖಾತೆಗೆ ಪ್ರವೇಶಿಸಲು ಹೋದರೆ ಮೊದಲ ತೊಡಕು ಎದುರಾಗುತ್ತದೆ. ಗುಪ್ತಪದ ಸರಿಯಾಗಿದ್ದರೂ, ಎರಡನೆಯ ಹಂತದ ದೃಢೀಕರಣಕ್ಕೆಂದು ಬರುವ ಪ್ರಶ್ನೆ ಅಥವಾ ಸಂಕೇತಸಂಖ್ಯೆ ಕಳೆದುಹೋದ ಫೋನಿಗೇ ಹೋಗುತ್ತದೆ. ಬೀಗದ ಕೈ ಮನೆಯೊಳಗೇ ಉಳಿದು ಬಾಗಿಲು ಹಾಕಿಕೊಂಡಂತಹ ಸ್ಥಿತಿ ಇದು.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು ದೂರಬೀಗ. android.com/lock ಎಂಬ ಪುಟದಲ್ಲಿ ಕಳೆದ ಫೋನಿನ ಸಂಖ್ಯೆಯನ್ನು ನಮೂದಿಸಿದರೆ ಸಾಕು, ಗುಪ್ತಪದವಿಲ್ಲದೆಯೇ ಪರದೆಗೆ ಬೀಗ ಬೀಳುತ್ತದೆ. ಆಂಡ್ರಾಯ್ಡ್ 10 ಹಾಗೂ ನಂತರದ ಆವೃತ್ತಿಗಳಲ್ಲಿ ಈ ಸೌಲಭ್ಯವಿದ್ದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಸೇವೆಗಳ ಅಡಿಯಲ್ಲಿರುವ ಕಳವು ರಕ್ಷಣೆಯ ವಿಭಾಗದಲ್ಲಿ ಇದನ್ನು ಮುಂಚೆಯೇ ಚಾಲನೆಗೊಳಿಸಿ, ಸಂಖ್ಯೆಯನ್ನು ದೃಢೀಕರಿಸಿಟ್ಟಿರಬೇಕು. ಎರಡನೆಯದು ಕಾಯ್ದಿಟ್ಟ ಸಂಕೇತಗಳು. ಗೂಗಲ್ ಖಾತೆಯಿಂದ ಎಂಟು ಅಂಕಿಗಳ ಹತ್ತು ಸಂಕೇತಗಳನ್ನು ಮುದ್ರಿಸಿಕೊಳ್ಳಬಹುದು. ಪ್ರತಿಯೊಂದೂ ಒಂದು ಸಲ ಮಾತ್ರ ಬಳಕೆಗೆ ಬರುತ್ತದೆ.

ವರ್ತಕರು 11.15ಕ್ಕೆ ದೂರಬೀಗವನ್ನು ಹಾಕಿ, ಕೂಡಲೇ ಬ್ಯಾಡಗಿಯ ಅಂಗಡಿಗೆ ಕರೆ ಮಾಡುತ್ತಾರೆ. ಅಂಗಡಿಯ ಗುಮಾಸ್ತರು ತಿಜೋರಿಯಲ್ಲಿರುವ ಸಂಕೇತಗಳ ಹಾಳೆಯನ್ನು ತೆಗೆದು, ಅಲ್ಲಿನ ಗಣಕಯಂತ್ರದಲ್ಲಿ google.com/android/find ಪುಟವನ್ನು ತೆರೆಯುತ್ತಾರೆ. ನಕ್ಷೆಯಲ್ಲಿ ಫೋನಿನ ಸ್ಥಾನ ಚಿಕ್ಕಪೇಟೆಯ ಕಡೆಗೆ ಕಾಣಿಸುತ್ತದೆ.

ನಕ್ಷೆಯನ್ನು ಓದುವುದು

ಇಲ್ಲಿ ಗಮನಿಸಬೇಕಾದುದು ಗುರುತನ್ನಷ್ಟೇ ಅಲ್ಲ, ಅದರ ಜೊತೆಗಿರುವ ಸಮಯವನ್ನು. 'ಈಗಷ್ಟೇ' ಎಂದಿದ್ದರೆ ಫೋನು ಸಂಪರ್ಕದಲ್ಲಿದೆ. ಹತ್ತಿಪ್ಪತ್ತು ನಿಮಿಷಗಳ ಹಿಂದಿನ ಸಮಯವಿದ್ದರೆ ಅದು ಕೊನೆಯ ಬಾರಿ ಕಂಡ ಸ್ಥಳ ಮಾತ್ರ. ಫೋನು ಈಗಲೂ ಅಲ್ಲಿದೆ ಎಂಬುದಕ್ಕೆ ಆಧಾರವಲ್ಲ. ಗುರುತಿನ ಸುತ್ತಲಿನ ವೃತ್ತವು ಅಂದಾಜಿನ ವ್ಯಾಪ್ತಿಯನ್ನು ಸೂಚಿಸುತ್ತದೆ. ಒತ್ತಾದ ಕಟ್ಟಡಗಳ ನಡುವೆ ಇದು ಹಲವು ಅಂಗಡಿಗಳನ್ನು ಒಳಗೊಳ್ಳುವಷ್ಟು ದೊಡ್ಡದಾಗಿರುವುದುಂಟು. ಆದಕಾರಣ ನಕ್ಷೆಯನ್ನು ನಂಬಿ ಒಬ್ಬ ಅಂಗಡಿಯವರ ಮೇಲೆ ಆರೋಪ ಹೊರಿಸುವುದಾಗಲಿ, ಒಬ್ಬರೇ ಬೆನ್ನಟ್ಟಿ ಹೋಗುವುದಾಗಲಿ ಸಲ್ಲದು. ಆ ಪರದೆಯ ಪ್ರತಿಯನ್ನು ತೆಗೆದು ಪೊಲೀಸರಿಗೆ ನೀಡುವುದೇ ಸರಿಯಾದ ಮಾರ್ಗ.

ಅದೇ ಪುಟದಲ್ಲಿ ಫೋನನ್ನು ಮೊಳಗಿಸುವ ಆಯ್ಕೆಯೂ ಇದೆ. ನಿಶ್ಶಬ್ದದಲ್ಲಿಟ್ಟಿದ್ದರೂ ಫೋನು ಐದು ನಿಮಿಷ ಪೂರ್ಣ ಧ್ವನಿಯಲ್ಲಿ ಮೊಳಗುತ್ತದೆ. ಮರೆತು ಬಿಟ್ಟುಬಂದ ಫೋನಿಗೆ ಇದು ಉತ್ತಮ ಉಪಾಯ. ಕಳುವಾದ ಫೋನಿನಲ್ಲಿ ಇದು ಕಳ್ಳನನ್ನು ಎಚ್ಚರಿಸಿ, ಫೋನನ್ನು ಆರಿಸಿಬಿಡಲು ಪ್ರೇರೇಪಿಸುತ್ತದೆ. ನಮ್ಮ ನಿದರ್ಶನದಲ್ಲಿ ಫೋನು ಚಲಿಸುತ್ತಿರುವುದರಿಂದ ಗುಮಾಸ್ತರು ಇದನ್ನು ಒತ್ತುವುದಿಲ್ಲ. ಬದಲಿಗೆ ಕಳೆದುಹೋಗಿದೆ ಎಂದು ಗುರುತಿಸುವ ಆಯ್ಕೆಯಿಂದ, 'ಸಿಕ್ಕವರು ದಯವಿಟ್ಟು ಈ ಸಂಖ್ಯೆಗೆ ತಿಳಿಸಿ' ಎಂಬ ಒಕ್ಕಣೆಯನ್ನೂ ಅಂಗಡಿಯ ದೂರವಾಣಿ ಸಂಖ್ಯೆಯನ್ನೂ ಪರದೆಯ ಮೇಲೆ ಮೂಡಿಸುತ್ತಾರೆ.

ಸಿಮ್ ಮತ್ತು ಅಳಿಸುವಿಕೆ

ಬಹುತೇಕ ಮಂದಿ ಫೋನು ಕಳೆದ ತಕ್ಷಣ ಸಿಮ್ ನಿಲ್ಲಿಸುವಂತೆ ಮೊಬೈಲ್ ಕಂಪನಿಗೆ ಕರೆ ಮಾಡುತ್ತಾರೆ. ಇದು ಅಗತ್ಯವೇ ಹೌದು. ಸಿಮ್ ಅನ್ನು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಒಟಿಪಿಗಳು ಅಲ್ಲಿಗೆ ಬರುತ್ತವೆ. ಪರದೆಯ ಬೀಗ ಇದನ್ನು ತಡೆಯಲಾರದು. ಆದರೆ ಸಿಮ್ ನಿಂತ ಕ್ಷಣದಲ್ಲಿ ಮೊಬೈಲ್ ಡೇಟಾ ಕೂಡ ನಿಲ್ಲುತ್ತದೆ. ಆಮೇಲೆ ನೀಡುವ ಬೀಗದ ಆದೇಶವಾಗಲಿ, ಅಳಿಸುವ ಆದೇಶವಾಗಲಿ ಆ ಫೋನಿಗೆ ವೈ-ಫೈ ಸಿಗುವವರೆಗೆ ತಲುಪುವುದಿಲ್ಲ. ಆದ್ದರಿಂದ ಮೊದಲು ಬೀಗ, ಅದು ಬಿದ್ದಿದೆಯೆಂದು ಖಚಿತವಾದ ಕೂಡಲೇ ಸಿಮ್ ಸ್ಥಗಿತ – ಇದು ಸರಿಯಾದ ಕ್ರಮ. ನಡುವಿನ ಅವಧಿ ಕೆಲವೇ ನಿಮಿಷಗಳಾಗಿರಬೇಕು. ಗೂಗಲ್ ಪುಟವನ್ನು ತೆರೆಯುವುದೇ ಸಾಧ್ಯವಾಗದಿದ್ದರೆ ಕಾಯದೆ ಸಿಮ್ ನಿಲ್ಲಿಸಬೇಕು.

ಅಳಿಸುವ ಆದೇಶದ ಸ್ಥಾನವು ಪರದೆಯ ಬೀಗದ ಗಟ್ಟಿತನವನ್ನು ಅವಲಂಬಿಸಿದೆ. ಇತ್ತೀಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಮಾಹಿತಿಯೆಲ್ಲ ಗುಪ್ತಲಿಪಿಯಲ್ಲಿಯೇ ಇರುವುದರಿಂದ, ಯಾರಿಗೂ ತಿಳಿಯದ ಆರು ಅಂಕಿಗಳ ಪಿನ್ ಇದ್ದರೆ ಕೂಡಲೇ ಅಳಿಸಬೇಕಾದ ಆತುರವಿಲ್ಲ. ಅಳಿಸಿದ ಮೇಲೆ ಆಂಡ್ರಾಯ್ಡ್ ಫೋನನ್ನು ಫೈಂಡ್ ಹಬ್‌ನಲ್ಲಿ ಪತ್ತೆ ಮಾಡಲಾಗುವುದಿಲ್ಲ. ಪ್ರತಿ ತೆಗೆದಿಡದ ಲೆಕ್ಕಪತ್ರಗಳೂ ಮರಳಿ ಬಾರವು. ಇದಕ್ಕೆ ವಿರುದ್ಧವಾಗಿ, ಪಿನ್ ಎಲ್ಲರಿಗೂ ತಿಳಿದಿದ್ದರೆ ಅಥವಾ ಪರದೆಯ ಮೇಲೆ ಬೆರಳು ಎಳೆಯುವ ಗುರುತನ್ನು ಕಳ್ಳನು ನೋಡಿದ್ದರೆ, ಪತ್ತೆಯ ಆಸೆಯನ್ನು ಬಿಟ್ಟು, ಸಿಮ್ ನಿಲ್ಲಿಸುವ ಮೊದಲೇ ಅಳಿಸುವ ಆದೇಶ ನೀಡುವುದು ಲೇಸು.

ನಮ್ಮ ವರ್ತಕರ ಪಿನ್ ಗಟ್ಟಿಯಾಗಿದೆ. 11.30ಕ್ಕೆ ಸಿಮ್ ನಿಲ್ಲುತ್ತದೆ, ಬ್ಯಾಂಕಿಗೂ ಕರೆ ಹೋಗುತ್ತದೆ. ನಕ್ಷೆಯ ಗುರುತು ಅಲ್ಲಿಗೇ ಸ್ತಬ್ಧವಾಗುತ್ತದೆ. ಹಿಂದಿನ ರಾತ್ರಿಯವರೆಗಿನ ರಸೀದಿ ಚಿತ್ರಗಳು ಖಾತೆಯಲ್ಲಿ ಸುರಕ್ಷಿತವಾಗಿವೆಯೆಂದು ಗುಮಾಸ್ತರು ಖಚಿತಪಡಿಸಿಕೊಂಡ ನಂತರ, ಫೋನು ಸಿಗುವ ಲಕ್ಷಣ ಕಾಣದೆ ರಾತ್ರಿ ಅಳಿಸುವ ಆದೇಶವನ್ನು ನೀಡಲಾಗುತ್ತದೆ. ಫೋನು ಸಂಪರ್ಕದಲ್ಲಿಲ್ಲದ ಕಾರಣ ಆದೇಶ ಬಾಕಿ ಉಳಿಯುತ್ತದೆ. ಮುಂದೆ ಫೋನು ಮಾಲೀಕರ ಕೈಗೇ ಸಿಕ್ಕಿದರೂ ಅಂತರಜಾಲಕ್ಕೆ ಬಂದಾಗ ಅದು ಅಳಿಯುತ್ತದೆಂಬುದನ್ನು ನೆನಪಿಡಬೇಕು. ಫೋನಿನಲ್ಲಿರುವ ಮೆಮೊರಿ ಕಾರ್ಡ್ ಈ ಆದೇಶದಿಂದ ಅಳಿಯದೆ ಉಳಿಯಬಹುದು. ಆದುದರಿಂದ ವ್ಯವಹಾರದ ದಾಖಲೆಗಳನ್ನು ಕಾರ್ಡಿನಲ್ಲಿ ಇಡದಿರುವುದು ಕ್ಷೇಮ.

ಅಳಿಸಿದ ಫೋನನ್ನು ಮತ್ತೆ ಬಳಕೆಗೆ ತರಬೇಕಾದರೆ ಹಳೆಯ ಗೂಗಲ್ ಖಾತೆಯ ವಿವರ ಅಥವಾ ಹಿಂದಿನ ಪಿನ್ ಬೇಕಾಗುತ್ತದೆ. ಕಳ್ಳನಿಗೆ ಆಗ ಬೇಕಾಗುವುದು ಇದೇ. 'ನಿಮ್ಮ ಫೋನು ಸಿಕ್ಕಿದೆ, ಸ್ಥಳ ನೋಡಲು ಇಲ್ಲಿ ಒತ್ತಿ' ಎಂಬ ಸಂದೇಶವು ಕೆಲವು ದಿನಗಳ ನಂತರ ಹೊಸ ಫೋನಿಗೆ ಬಂದರೆ ಅದು ಗುಪ್ತಪದವನ್ನು ಕಸಿಯುವ ಬಲೆಯೆಂದೇ ತಿಳಿಯಬೇಕು. ಸ್ಥಾನವನ್ನು ನೋಡುವುದಿದ್ದರೆ ಪುಟದ ವಿಳಾಸವನ್ನು ಸ್ವತಃ ಬೆರಳಚ್ಚಿಸಿ ನೋಡಬೇಕು.

ಐಫೋನ್ ಇದ್ದವರಿಗೆ

ಕ್ರಮ ಇದೇ ಆದರೂ ಮೂರು ವ್ಯತ್ಯಾಸಗಳಿವೆ. icloud.com/find ಪುಟದಲ್ಲಿ ಫೋನನ್ನು ಹುಡುಕಲು ಎರಡನೆಯ ಹಂತದ ಸಂಕೇತ ಬೇಕಿಲ್ಲ; ಆಪಲ್ ಖಾತೆಯ ಗುಪ್ತಪದ ಸಾಕು. ಐಓಎಸ್ 15 ಹಾಗೂ ನಂತರದ ಆವೃತ್ತಿಗಳಲ್ಲಿ ಅಳಿಸಿದ ಬಳಿಕವೂ ಪತ್ತೆ ಸಾಧ್ಯವಿದೆ. ಆದರೆ ಪಟ್ಟಿಯಿಂದ ಫೋನನ್ನು ತೆಗೆದುಹಾಕುವ ಆಯ್ಕೆಯನ್ನು ಎಂದಿಗೂ ಒತ್ತಬಾರದು. ಹಾಗೆ ಮಾಡಿದರೆ ಸಕ್ರಿಯಗೊಳಿಸುವ ಬೀಗ ತೆರೆದು, ಫೋನು ಯಾರು ಬೇಕಾದರೂ ಬಳಸುವಂತಾಗುತ್ತದೆ.

ಪೊಲೀಸ್ ದೂರು ಮತ್ತು ಐಎಂಇಐ ತಡೆ

ಕೊನೆಯ ಹೆಜ್ಜೆ ಸರ್ಕಾರಿ ವ್ಯವಸ್ಥೆಯದು. 2023ರ ಮೇ ತಿಂಗಳಲ್ಲಿ ದೇಶಾದ್ಯಂತ ಜಾರಿಗೆ ಬಂದ ಸಂಚಾರ್ ಸಾಥಿ ತಾಣದ ಮೂಲಕ (sancharsaathi.gov.in) ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಎಲ್ಲ ಮೊಬೈಲ್ ಜಾಲಗಳಲ್ಲಿಯೂ ತಡೆಹಿಡಿಯಬಹುದು. ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ ಹಾಗೂ ಒಟಿಪಿ ಪಡೆಯಲು ಒಂದು ಮೊಬೈಲ್ ಸಂಖ್ಯೆ ಬೇಕಾಗುತ್ತದೆ. ಬದಲಿ ಸಿಮ್ ಪಡೆದ ನಂತರ ಸುಮಾರು 24 ಗಂಟೆಗಳ ಕಾಲ ಅದಕ್ಕೆ ಎಸ್‌ಎಂಎಸ್ ಬರುವುದಿಲ್ಲವಾದ್ದರಿಂದ ಈ ಕೆಲಸ ಸಾಮಾನ್ಯವಾಗಿ ಮರುದಿನಕ್ಕೆ ಹೋಗುತ್ತದೆ. ಅಂದಿನ ಒಟಿಪಿ ಆಧಾರಿತ ಪಾವತಿಗಳಿಗೂ ಬೇರೆ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ. ಹಣ ಹೋಗಿರುವುದು ಕಂಡುಬಂದರೆ ತಡಮಾಡದೆ 1930 ಸಂಖ್ಯೆಗೆ ದೂರು ನೀಡಬೇಕು.

ಐಎಂಇಐ ತಡೆಯು ಮೊಬೈಲ್ ಜಾಲವನ್ನು ಮಾತ್ರ ಮುಚ್ಚುತ್ತದೆ, ಮಾಹಿತಿಯನ್ನು ಅಳಿಸುವುದಿಲ್ಲ. ವೈ-ಫೈ ಮೂಲಕ ಫೋನು ಬಳಕೆಯಾಗಬಲ್ಲದು. ಆದುದರಿಂದ ಇದು ದೂರಬೀಗಕ್ಕೆ ಬದಲಿಯಲ್ಲ, ಪೂರಕ.

ಫೋನು ಕೈಯಲ್ಲಿರುವಾಗಲೇ ಮಾಡಿಡಬೇಕಾದುದು ಇಷ್ಟು: *#06# ಒತ್ತಿ ಕಾಣುವ ಐಎಂಇಐ ಸಂಖ್ಯೆಯನ್ನೂ ಕಾಯ್ದಿಟ್ಟ ಸಂಕೇತಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಅಂಗಡಿಯ ತಿಜೋರಿಯಲ್ಲಿಡುವುದು, ದೂರಬೀಗವನ್ನು ಚಾಲನೆಗೊಳಿಸುವುದು, ಸಿಮ್‌ಗೂ ಪ್ರತ್ಯೇಕ ಪಿನ್ ಹಾಕುವುದು. ಸಿಮ್ ಪಿನ್ ಇದ್ದರೆ ಕದ್ದ ಸಿಮ್ ಬೇರೆ ಫೋನಿನಲ್ಲಿ ತೆರೆಯುವುದಿಲ್ಲ. ಮೂರು ಬಾರಿ ತಪ್ಪಿದರೆ ಅದು ಕಂಪನಿಯ ಪಿಯುಕೆ ಸಂಖ್ಯೆಯನ್ನು ಕೇಳುತ್ತದೆ. ಬೀಗ ಮತ್ತು ಸಿಮ್ ಸ್ಥಗಿತದ ನಡುವಿನ ಆ ಕೆಲವು ನಿಮಿಷಗಳ ಅಪಾಯವೂ ಇದರಿಂದ ಬಹುಮಟ್ಟಿಗೆ ನೀಗುತ್ತದೆ.