ಕಾರ್ಡಿನಿಂದ ಕಟ್ಟಿದ ಅಡ್ವಾನ್ಸ್: ಗ್ರೂಪಿಗೆ ಏನಂತ ಮೆಸೇಜ್ ಹಾಕೋದು?

ಅಂತೂರ ಬೆಂತೂರದಿಂದ ಎಂಟು ಮಂದಿ ದಾಂಡೇಲಿಗೆ ಹೊಂಟಾರ ಅಂತ ಇಟ್ಕೊಳ್ರಿ. ಹೋಂಸ್ಟೇ ಅಡ್ವಾನ್ಸ್ 12,000 ರೂಪಾಯಿ. ಒಬ್ಬರು ಕ್ರೆಡಿಟ್ ಕಾರ್ಡಿನಿಂದ ಕಟ್ಟ್ಯಾರ. "ಎಲ್ಲಾರೂ ರೊಕ್ಕ ಹಾಕ್ರಿ" ಅಂತ ಮೆಸೇಜ್ ಹಾಕಿದ್ರ ಹೆಬ್ಬೆರಳು ಬರ್ತಾವ, ರೊಕ್ಕ ಬರಂಗಿಲ್ಲ. ಎಷ್ಟು, ಯಾವಾಗ ಅನ್ನೋದ ಅದರಾಗ ಇಲ್ಲಲ್ಲ!

ಮೊದಲು ಲೆಕ್ಕ. ಕಟ್ಟಿದವರನ್ನೂ ಹಿಡಿದು ಎಂಟರಿಂದ ಭಾಗಿಸ್ರಿ. ತಲಾ 1,500. ಉಳಿದ ಏಳು ಮಂದಿಯಿಂದ ಬರಬೇಕಾದದ್ದು 10,500.

ಆಮೇಲೆ ತಾರೀಖು. ಕಾರ್ಡಿನ ಬಿಲ್ ಕಟ್ಟೋ ಕಡೇ ದಿನ 20 ಇದ್ರ, ಗ್ರೂಪಿಗೆ 15 ಅಂತ ಹೇಳ್ರಿ. ಬರೇ ಮಿನಿಮಮ್ ಡ್ಯೂ ಕಟ್ಟಿ ಕುಂತ್ರ, ಸಾಮಾನ್ಯವಾಗಿ ಖರ್ಚು ಮಾಡಿದ ದಿನದಿಂದಲೇ ಬಡ್ಡಿ ಬೀಳತೈತಿ.

ಯುಪಿಐದಾಗ ಗೆಳೆಯರಿಗೆ ಕಲೆಕ್ಟ್ ರಿಕ್ವೆಸ್ಟ್ ಕಳಿಸೋದು 2025ರ ಅಕ್ಟೋಬರ್‌ನಿಂದ ಬಂದ್ ಆಗೇತಿ. ಅದಕ್ಕ ಕ್ಯೂಆರ್ ಫೋಟೋನ ಹಾಕ್ರಿ.

ಈಗ ಮೆಸೇಜ್: "ನಮಸ್ಕಾರ್ರೀ. ದಾಂಡೇಲಿ ಅಡ್ವಾನ್ಸ್ 12,000 ನನ್ನ ಕಾರ್ಡಿನಿಂದ ಕಟ್ಟೀನಿ, ರಸೀದಿ ಕೆಳಗ ಐತಿ. ತಲಾ 1,500. 15ನೇ ತಾರೀಖಿನೊಳಗ ಈ ಕ್ಯೂಆರ್‌ಗೆ ಹಾಕಿ, ಇಲ್ಲಿ ಹೆಸರು ಬರೀರಿ. ಬರಾಕ ಆಗದವರು ಇವತ್ತ ತಿಳಸ್ರಿ, ಬುಕಿಂಗ್ ಬದಲಿ ಮಾಡಾಕ ಬರತೈತಿ."